ಜರ್ಮನಿಯ ಮನೆಯ ಕರೆಂಟ್ ಲೆಕ್ಕ: ಮೊಬೈಲಿನಲ್ಲಿ ಕಾಣುವ ತಿಂಗಳ ಮೊತ್ತ ಬಿಲ್ ಅಲ್ಲ

ನಮ್ಮ ಕರಾವಳಿಯ ಚರ್ಚುಗಳ ಅನೇಕ ಮನೆಗಳ ಮಕ್ಕಳು ಇಂದು ಜರ್ಮನಿಯಲ್ಲಿದ್ದಾರೆ. ಕೆಲವರು ಅಲ್ಲಿನ ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿ ದಾದಿಯರಾಗಿ ದುಡಿಯುತ್ತಾರೆ, ಇನ್ನು ಕೆಲವರು ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗ ಮಾಡಿ ಅಲ್ಲಿಂದಲೇ ಹೊರಟವರು. ವೀಸಾ, ಭಾಷೆಯ ಪರೀಕ್ಷೆ, ಬಾಡಿಗೆ ಮನೆ ಇವುಗಳ ಬಗ್ಗೆ ಹೋಗುವ ಮೊದಲು ನೂರು ಜನರನ್ನು ಕೇಳುತ್ತಾರೆ. ಕರೆಂಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಒಂದು ವರ್ಷ ಕಳೆದ ಮೇಲೆ ನಾಲ್ಕೈದು ನೂರು ಯೂರೋ ಬಾಕಿ ಕಟ್ಟಿ ಎಂಬ ಕಾಗದ ಬಂದಾಗ ಮಾತ್ರ ಅದು ದೊಡ್ಡ ವಿಷಯವಾಗುತ್ತದೆ. ಹಾಗೆ ಬಾಕಿ ಏಕೆ ಬರುತ್ತದೆ, ಅದನ್ನು ಮೊದಲೇ ಹೇಗೆ ತಿಳಿಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಮಕ್ಕಳನ್ನು ಕಳುಹಿಸಿದ ತಂದೆತಾಯಂದಿರಿಗೂ, ಹೊರಡುವವರಿಗೆ ಮಾಹಿತಿ ನೀಡುವ ಗುರಿಕಾರರು ಮತ್ತು ಯುವ ಸಂಘಟನೆಯವರಿಗೂ ಇದು ಉಪಯೋಗಕ್ಕೆ ಬರಬಹುದು.

ಮಂಗಳೂರು, ಉಡುಪಿ ಕಡೆ ಮೆಸ್ಕಾಂ, ಬೆಂಗಳೂರಿನಲ್ಲಿ ಬೆಸ್ಕಾಂ. ಎರಡೂ ಕಡೆ ಪದ್ಧತಿ ಒಂದೇ. ಪ್ರತಿ ತಿಂಗಳು ಮೀಟರ್ ರೀಡರ್ ಬರುತ್ತಾರೆ, ಮೀಟರ್ ನೋಡುತ್ತಾರೆ, ಅಲ್ಲೇ ಬಿಲ್ ಕೊಟ್ಟು ಹೋಗುತ್ತಾರೆ. ಕಳೆದ ತಿಂಗಳು ಉರಿಸಿದ್ದಕ್ಕೆ ಈ ತಿಂಗಳು ಹಣ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕರ ಮನೆಗೆ ಶೂನ್ಯ ಬಿಲ್ ಬರುತ್ತಿದ್ದರೂ ರೀಡಿಂಗ್ ತಪ್ಪಿಲ್ಲ.

ಜರ್ಮನಿಯ ಸಾಮಾನ್ಯ ಬಾಡಿಗೆ ಮನೆಯಲ್ಲಿ ಹಾಗಿಲ್ಲ. ಅಲ್ಲಿ ಲೆಕ್ಕವಾಗುವುದು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಕಂಪನಿ ಒಂದು ಅಂದಾಜು ಮಾಡಿ, ಆ ಅಂದಾಜಿನ ಒಂದು ಭಾಗವನ್ನು ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ತೆಗೆದುಕೊಳ್ಳುತ್ತದೆ. ಕಂಪನಿಯ ಆ್ಯಪ್ ತೆರೆದ ಕೂಡಲೇ ದೊಡ್ಡ ಅಕ್ಷರದಲ್ಲಿ ಕಾಣುವುದು ಈ ಮೊತ್ತವೇ. ಅದರ ಮೇಲೆ Abschlag ಎಂದು ಬರೆದಿರುತ್ತದೆ. ಆಬ್‌ಶ್ಲಾಗ್ ಎಂದು ಉಚ್ಚಾರಣೆ, ಮುಂಗಡ ಕಂತು ಎಂದು ಅರ್ಥ. ಇದನ್ನು ಬಿಲ್ ಎಂದು ತಿಳಿಯುವುದರಿಂದಲೇ ಎಲ್ಲಾ ತೊಂದರೆ ಶುರುವಾಗುತ್ತದೆ. ನೀವು ಉರಿಸಿದ ಕರೆಂಟಿಗೂ ಆ ಮೊತ್ತಕ್ಕೂ ನೇರ ಸಂಬಂಧವಿಲ್ಲ.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕುಟುಂಬವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಲ್ಲಿ ಹೇಳುವ ದರ ಮತ್ತು ಯೂನಿಟ್‌ಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತವೆ. ತಂದೆತಾಯಿ ಕರಾವಳಿಯಿಂದ ಬಂದು ಬೆಂಗಳೂರಿನ ಬಳ್ಳಾರಿ ರಸ್ತೆಯ ಬದಿಯ ಗಂಗಾನಗರದಲ್ಲಿ ನೆಲೆಸಿದವರು. ಮಗ, ಸೊಸೆ ಮ್ಯೂನಿಕ್ ನಗರದಲ್ಲಿ ಎರಡು ಕೋಣೆಯ ಫ್ಲ್ಯಾಟ್ ಹಿಡಿದು ಫೆಬ್ರವರಿ 1ರಂದು ಒಳಗೆ ಹೋದರು. ಚಳಿಗಾಲದ ಹೀಟಿಂಗ್ ಬಾಡಿಗೆಯ ಜೊತೆಗೇ ಮನೆಯೊಡೆಯನಿಗೆ ಹೋಗುತ್ತದೆ. ಕರೆಂಟಿಗೆ ಮಾತ್ರ ಅವರೇ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ.

ಅವರ ಒಪ್ಪಂದದಲ್ಲಿ ಎರಡು ದರಗಳಿವೆ. ಒಂದು Arbeitspreis, ಅಂದರೆ ಯೂನಿಟ್ ದರ, 36 ಸೆಂಟ್. ನಮ್ಮ ಒಂದು ಯೂನಿಟ್ ಅಲ್ಲಿ ಪರದೆಯ ಮೇಲೆ 1 kWh ಎಂದು ಕಾಣುತ್ತದೆ, ಎರಡೂ ಒಂದೇ. ಇನ್ನೊಂದು Grundpreis, ನಮ್ಮ ಬಿಲ್ಲಿನ ನಿಗದಿತ ಶುಲ್ಕದ ಹಾಗೆ, ತಿಂಗಳಿಗೆ 12 ಯೂರೋ. ಜರ್ಮನಿಯಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಆದ್ದರಿಂದ 36,00 ct/kWh ಎಂದರೆ ಮೂವತ್ತಾರು ಸೆಂಟ್, ಮೂರು ಸಾವಿರದ ಆರುನೂರು ಅಲ್ಲ.

ಒಪ್ಪಂದ ಮಾಡುವಾಗ ಮನೆಯಲ್ಲಿ ಎಷ್ಟು ಜನ ಎಂದು ಆ್ಯಪ್ ಕೇಳಿತು. ಇಬ್ಬರು ಎಂದು ಒತ್ತಿದರು. ವರ್ಷಕ್ಕೆ 2000 ಯೂನಿಟ್ ಎಂದು ಅದು ಅಂದಾಜು ಮಾಡಿತು. 2000 ಯೂನಿಟ್‌ಗೆ 36 ಸೆಂಟಿನಂತೆ 720 ಯೂರೋ, ನಿಗದಿತ ಶುಲ್ಕ ವರ್ಷಕ್ಕೆ 144 ಯೂರೋ, ಒಟ್ಟು 864. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 72 ಯೂರೋ. ಮಗ ಫೋನಿನಲ್ಲಿ ತಂದೆಗೆ, "ಕರೆಂಟ್ ಬಿಲ್ 72 ಯೂರೋ ಪಪ್ಪಾ, ಪರವಾಗಿಲ್ಲ" ಎನ್ನುತ್ತಾನೆ. ಆದರೆ ಆ 72 ಯಾವ ಮೀಟರ್ ನೋಡಿಯೂ ಬಂದದ್ದಲ್ಲ.

ಈ ಮನೆಯಲ್ಲಿ ಅಂದಾಜನ್ನು ಕೆಡಿಸಿದ್ದು ಬಚ್ಚಲು ಮನೆಯ ಗೋಡೆಯ ಮೇಲಿದ್ದ ಒಂದು ಬಿಳಿ ಪೆಟ್ಟಿಗೆ. ಜರ್ಮನಿಯ ಕೆಲವು ಮನೆಗಳಲ್ಲಿ ಬಿಸಿನೀರು ಕಟ್ಟಡದ ಬಾಯ್ಲರ್‌ನಿಂದ ಬರುತ್ತದೆ, ಕೆಲವು ಮನೆಗಳಲ್ಲಿ ನಲ್ಲಿ ತಿರುಗಿಸಿದ ಕ್ಷಣ ನೀರು ಕಾಯಿಸುವ ವಿದ್ಯುತ್ ಹೀಟರ್‌ನಿಂದ. ಅದಕ್ಕೆ Durchlauferhitzer ಎನ್ನುತ್ತಾರೆ. ಗಂಗಾನಗರದ ಮನೆಯ ಗೀಸರ್ ಸುಮಾರು 2 ಕಿಲೋವ್ಯಾಟ್‌ನದು. ಈ ಪೆಟ್ಟಿಗೆ 18ರಿಂದ 27 ಕಿಲೋವ್ಯಾಟ್‌ವರೆಗೆ ಇರುತ್ತದೆ. 20 ಕಿಲೋವ್ಯಾಟ್ ಎಳೆಯುತ್ತಾ ಆರು ನಿಮಿಷ ಓಡಿದರೆ 2 ಯೂನಿಟ್ ಆಗುತ್ತದೆ. ಇಬ್ಬರು ದಿನಕ್ಕೊಂದು ಸ್ನಾನ ಮಾಡಿದರೆ 4 ಯೂನಿಟ್, ವರ್ಷಕ್ಕೆ ಸಾವಿರದ ನಾಲ್ಕುನೂರರ ಹತ್ತಿರ. ಆ್ಯಪ್ ಮಾಡಿದ ಅಂದಾಜಿನಲ್ಲಿ ಇದು ಸೇರಿರಲಿಲ್ಲ. ಒಪ್ಪಂದ ಮಾಡುವಾಗ ಬಿಸಿನೀರು ವಿದ್ಯುತ್ತಿನಿಂದಲೇ ಎಂದು ಕೆಲವು ಆ್ಯಪ್‌ಗಳು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಮನೆ ನೋಡಲು ಹೋದಾಗಲೇ ಈ ಪೆಟ್ಟಿಗೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಮೀಟರ್ ರೀಡಿಂಗ್ ಕೊಡುವ ಪರದೆ

ಆ್ಯಪ್‌ನಲ್ಲಿ Zählerstand ಎಂಬ ಪದವನ್ನು ಹುಡುಕಬೇಕು. ತ್ಸೇಲರ್‌ಶ್ಟಾಂಟ್ ಎಂದು ಓದಬೇಕು. ಮೀಟರ್‌ನಲ್ಲಿ ಈಗ ತೋರಿಸುತ್ತಿರುವ ಅಂಕಿ ಎಂದು ಅರ್ಥ. ಅದನ್ನು ಒತ್ತಿದರೆ ಮೂರು ವಿಷಯ ಕಾಣುತ್ತವೆ. Zählernummer ಅಂದರೆ ಮೀಟರ್ ಸಂಖ್ಯೆ, Ablesedatum ಅಂದರೆ ರೀಡಿಂಗ್ ನೋಡಿದ ದಿನಾಂಕ, ಮತ್ತು ಅಂಕಿ ಬರೆಯುವ ಖಾಲಿ ಜಾಗ.

ಮೊದಲು ಮೀಟರ್ ಸಂಖ್ಯೆ. ದೊಡ್ಡ ಕಟ್ಟಡಗಳಲ್ಲಿ ಎಲ್ಲರ ಮೀಟರ್‌ಗಳೂ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಸಾಲಾಗಿರುತ್ತವೆ. ಮೀಟರ್ ಮೇಲೆ ಬಾರ್‌ಕೋಡ್ ಹತ್ತಿರ ಅಚ್ಚಾದ ಸಂಖ್ಯೆ ಮತ್ತು ಆ್ಯಪ್‌ನ ಸಂಖ್ಯೆ ಒಂದೇ ಇರಬೇಕು. ಇದು ನಮ್ಮ ಆರ್.ಆರ್. ನಂಬರ್‌ನಂತೆ ಸಂಪರ್ಕಕ್ಕೆ ಕೊಟ್ಟ ಸಂಖ್ಯೆಯಲ್ಲ, ಆ ಯಂತ್ರದ್ದೇ ಸಂಖ್ಯೆ. ಮೀಟರ್ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಸಂಖ್ಯೆ ಸರಿಯಿದ್ದರೂ ಆ ಮೀಟರ್ ನಿಮ್ಮ ಮನೆಯದೇ ಎಂಬ ಸಂಶಯ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಮನೆಯೊಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಆರಿಸಿ, ಕೆಳಗೆ ಹೋಗಿ ನೋಡಬೇಕು. ಹಳೆಯ ಮೀಟರ್ ಆದರೆ ತಟ್ಟೆ ನಿಂತಿರಬೇಕು, ಡಿಜಿಟಲ್ ಆದರೆ ಅಂಕಿ ಏರಬಾರದು. ಇನ್ನೂ ಓಡುತ್ತಿದ್ದರೆ ನೀವು ಬೇರೆಯವರ ಕರೆಂಟಿಗೆ ಹಣ ಕೊಡುತ್ತಿರಬಹುದು. ಕೂಡಲೇ ಮನೆಯೊಡೆಯನಿಗೂ ಕಂಪನಿಗೂ ಬರೆದು ತಿಳಿಸಬೇಕು.

ಅಂಕಿ ಬರೆಯುವಾಗ ಅಲ್ಪವಿರಾಮದ ಮುಂಚಿನ ಅಂಕಿಗಳನ್ನು ಮಾತ್ರ ಬರೆಯುವುದು ರೂಢಿ. ತಟ್ಟೆ ತಿರುಗುವ ಹಳೆಯ ಮೀಟರ್‌ನಲ್ಲಿ ಕೊನೆಯ ಅಂಕಿಯ ಸುತ್ತ ಕೆಂಪು ಚೌಕಟ್ಟು ಇರುತ್ತದೆ, ಅದು ದಶಮಾಂಶ. ನಮ್ಮ ಕುಟುಂಬದ ಮೀಟರ್ ಮೊದಲ ದಿನ 18240,7 ತೋರಿಸಿತು. ಬರೆಯಬೇಕಾದದ್ದು 18240. ಯಾರಾದರೂ 182407 ಎಂದು ಬರೆದರೆ ಒಂದೂವರೆ ಲಕ್ಷ ಯೂನಿಟ್‌ಗೂ ಮಿಕ್ಕಿ ಉರಿಸಿದಂತಾಗುತ್ತದೆ. ಹೆಚ್ಚಿನ ಆ್ಯಪ್‌ಗಳು ಇಂಥ ಅಂಕಿಯನ್ನು ಕೂಡಲೇ ಒಪ್ಪುವುದಿಲ್ಲ, ಇದು ಸರಿಯೇ ಎಂದು ಮತ್ತೊಮ್ಮೆ ಕೇಳುತ್ತವೆ. ಆ ಪ್ರಶ್ನೆ ಬಂದರೆ ಹೌದು ಎಂದು ಒತ್ತಿ ಮುಂದೆ ಹೋಗಬೇಡಿ, ಮತ್ತೆ ಮೀಟರ್ ಹತ್ತಿರ ಹೋಗಿ. ಹೊಸ ಡಿಜಿಟಲ್ ಮೀಟರ್ ಆದರೆ ಪರದೆಯ ಮೇಲೆ ಸಣ್ಣದಾಗಿ 1.8.0 ಎಂದು ಕಾಣುವಾಗ ಬರುವ ಅಂಕಿಯೇ ನೀವು ತೆಗೆದುಕೊಂಡ ಕರೆಂಟ್. 2.8.0 ಎಂಬುದು ಸೋಲಾರ್‌ನಿಂದ ಹೊರಗೆ ಕೊಟ್ಟ ಕರೆಂಟ್, ಬಾಡಿಗೆ ಮನೆಯವರಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ಗೇಟ್‌ವೇ ಇರುವ ಸ್ಮಾರ್ಟ್ ಮೀಟರ್ ಆದರೆ ರೀಡಿಂಗ್ ತಾನಾಗಿಯೇ ಹೋಗುತ್ತದೆ. ಬರೀ ಡಿಜಿಟಲ್ ಮೀಟರ್ ಹಾಗಲ್ಲ, ನೋಡಲು ಆಧುನಿಕವಾಗಿದ್ದರೂ ಅಂಕಿಯನ್ನು ನೀವೇ ಕಳುಹಿಸಬೇಕು.

ರೀಡಿಂಗ್‌ಗಳಲ್ಲಿ ಅತಿ ಮುಖ್ಯವಾದದ್ದು ಮೊದಲ ದಿನದ್ದು. ಬೀಗದಕೈ ಪಡೆಯುವ ದಿನ ಮನೆಯೊಡೆಯನ ಜೊತೆ ಒಂದು ಹಸ್ತಾಂತರ ಪತ್ರಕ್ಕೆ ಸಹಿ ಮಾಡುವುದು ಅಲ್ಲಿನ ಪದ್ಧತಿ. ಮೀಟರ್ ಸಂಖ್ಯೆ ಮತ್ತು ಅಂಕಿ ಅದರಲ್ಲಿ ಇರಲೇಬೇಕು, ಜೊತೆಗೆ ಮೀಟರ್‌ನ ಒಂದು ಫೋಟೋ. ಇದು ಇಲ್ಲದಿದ್ದರೆ ಆರಂಭದ ಅಂಕಿಯನ್ನು ಅಂದಾಜಿನಿಂದ ಹಾಕುತ್ತಾರೆ, ಹಿಂದಿನ ಬಾಡಿಗೆದಾರ ಉರಿಸಿದ್ದರಲ್ಲಿ ಒಂದು ಪಾಲು ನಿಮ್ಮ ಲೆಕ್ಕಕ್ಕೆ ಬರಬಹುದು. ಒಂದು ವರ್ಷದ ನಂತರ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಇಲ್ಲಿ ಇನ್ನೊಂದು ಮಾತು. ಕಂಪನಿ ಆರಿಸದೆ ಮನೆಗೆ ಹೋಗಿ ದೀಪ ಹಚ್ಚಿದರೂ ಕರೆಂಟ್ ಬರುತ್ತದೆ. ಆಗ ಆ ಊರಿನ ಮೂಲ ಸರಬರಾಜು ಕಂಪನಿಯ ಗ್ರಾಹಕರು ಎಂದು ಕಾನೂನೇ ಪರಿಗಣಿಸುತ್ತದೆ. ಅದಕ್ಕೆ Grundversorgung ಎಂದು ಹೆಸರು. ಅದರ ದರ ಹೆಚ್ಚಾಗಿ ದುಬಾರಿ, ಆದರೆ ಎರಡು ವಾರದ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಬರಬಹುದು.

ಮುಂಗಡ ಕಂತಿನ ಪರದೆ

ಏಪ್ರಿಲ್ 30ರ ಸಂಜೆ ಸೊಸೆ ಕೆಳಗೆ ಹೋಗಿ ಮೀಟರ್ ನೋಡಿದಳು. 19140. ಬಂದ ದಿನಕ್ಕಿಂತ 900 ಯೂನಿಟ್ ಹೆಚ್ಚು. 89 ದಿನಕ್ಕೆ 900 ಎಂದರೆ ದಿನಕ್ಕೆ ಹತ್ತು ಯೂನಿಟ್. ಇದೇ ವೇಗದಲ್ಲಿ ಹೋದರೆ ವರ್ಷಕ್ಕೆ 3700ರ ಹತ್ತಿರ, ಕಂಪನಿಯ ಅಂದಾಜು 2000. ಇನ್ನು ಬರುವುದು ಬೇಸಿಗೆ, ದೀಪ ಕಡಿಮೆ ಉರಿಯುತ್ತದೆ, ಆಗಸ್ಟ್‌ನಲ್ಲಿ ಮೂರು ವಾರ ಗಂಗಾನಗರಕ್ಕೆ ಬರುವುದಿದೆ. ಅದನ್ನೆಲ್ಲಾ ಕಳೆದು ವರ್ಷಕ್ಕೆ 3300 ಎಂದು ಅವರು ಹಿಡಿದರು. 3300ಕ್ಕೆ 36 ಸೆಂಟಿನಂತೆ 1188 ಯೂರೋ, ನಿಗದಿತ ಶುಲ್ಕ 144 ಸೇರಿ 1332. ತಿಂಗಳಿಗೆ 111. ಅವರು ಕಟ್ಟುತ್ತಿರುವುದು 72. ವ್ಯತ್ಯಾಸ ಎಲ್ಲಿಯೂ ಹೋಗಿಲ್ಲ, ವರ್ಷದ ಕೊನೆಗೆ ಕಾದು ಕುಳಿತಿದೆ.

ರೀಡಿಂಗ್ ಕಳುಹಿಸಿದ ಮಾತ್ರಕ್ಕೆ ಕಂತು ತಾನಾಗಿ ಬದಲಾಗುತ್ತದೆ ಎಂದು ನಂಬಬಾರದು. ಕೆಲವು ಆ್ಯಪ್‌ಗಳು ಹೊಸ ಮೊತ್ತವನ್ನು ಸೂಚಿಸುತ್ತವೆ, ಕೆಲವು ಅಂಕಿಯನ್ನು ಇಟ್ಟುಕೊಂಡು ಸುಮ್ಮನಾಗುತ್ತವೆ. ಕಂತು ಬದಲಿಸಲು Abschlag anpassen ಅಥವಾ Abschlag ändern ಎಂಬ ಗುಂಡಿ ಬೇರೆಯೇ ಇರುತ್ತದೆ. ಅಲ್ಲಿ ಎಡಕ್ಕೂ ಬಲಕ್ಕೂ ಎಳೆಯುವ ಒಂದು ಪಟ್ಟಿ, ಅದರ ಮೇಲೆ ಮೊತ್ತ. ಇವರು ಮೇ ತಿಂಗಳಿಂದ 110 ಎಂದು ಇಟ್ಟರು.

ಆ ಪಟ್ಟಿಯನ್ನು ಎಡಕ್ಕೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಊರಿಗೆ ಹಣ ಕಳುಹಿಸುವ ತಿಂಗಳಲ್ಲಿ ಕರೆಂಟಿನ ಕಂತನ್ನು ಇಪ್ಪತ್ತು ಯೂರೋ ಇಳಿಸಿದರೆ ಉಳಿತಾಯವಾದಂತೆ ಕಾಣುತ್ತದೆ. ದರವೂ ಇಳಿದಿಲ್ಲ, ಯೂನಿಟ್ಟೂ ಇಳಿದಿಲ್ಲ, ಸಾಲ ಮಾತ್ರ ಮುಂದಕ್ಕೆ ಹೋಗಿದೆ. ಅದೇ ರೀತಿ ಅಂದಾಜು ಹೆಚ್ಚಾಗಿದ್ದು ನೀವು ಕಡಿಮೆ ಉರಿಸುತ್ತಿದ್ದರೆ ಕಂತು ಇಳಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಬಳಕೆ ಸ್ಪಷ್ಟವಾಗಿ ಕಡಿಮೆ ಎಂದು ರೀಡಿಂಗ್ ಸಮೇತ ತೋರಿಸಿದರೆ ಕಂಪನಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅಲ್ಲಿನ ಇಂಧನ ಕಾನೂನು ಹೇಳುತ್ತದೆ. ಒಬ್ಬರೇ ಇರುವ, ರಾತ್ರಿ ಪಾಳಿಯಲ್ಲಿ ದುಡಿದು ಆಸ್ಪತ್ರೆಯಲ್ಲೇ ಊಟ ಮಾಡುವ ದಾದಿಯರ ಮನೆಯಲ್ಲಿ ಹೀಗಾಗುವುದುಂಟು.

ಲೆಕ್ಕ ಮಾಡುವಾಗ ಕಂತುಗಳ ಸಂಖ್ಯೆಯನ್ನೂ ನೋಡಿಕೊಳ್ಳಿ. ಕೆಲವು ಕಂಪನಿಗಳು ವರ್ಷಕ್ಕೆ ಹನ್ನೆರಡು ಕಂತು ತೆಗೆಯುತ್ತವೆ, ಕೆಲವು ಹನ್ನೊಂದು ತೆಗೆದು ಒಂದು ತಿಂಗಳು ಬಿಲ್ಲಿಗೆ ಬಿಡುತ್ತವೆ.

ದರ ಬದಲಾವಣೆಯ ಪರದೆ

ಆಗಸ್ಟ್ ತಿಂಗಳು. ಇಬ್ಬರೂ ರಜೆಯಲ್ಲಿ ಗಂಗಾನಗರದ ಮನೆಯಲ್ಲಿದ್ದಾರೆ. 20ನೇ ತಾರೀಕು ಮಗನ ಮೊಬೈಲಿಗೆ ಆ್ಯಪ್‌ನಿಂದ ಸೂಚನೆ ಬಂತು, Postfach ಎಂಬ ಅಂಚೆಪೆಟ್ಟಿಗೆಯಲ್ಲಿ ಹೊಸ ಪತ್ರವಿದೆ ಎಂದು. ರಜೆಯಲ್ಲಿ ಇಂಥದ್ದನ್ನು ಯಾರು ತೆರೆಯುತ್ತಾರೆ? ಆದರೆ ಮುಖ್ಯ ಪತ್ರಗಳು ಬರುವುದು ಇಲ್ಲಿಗೇ. ಶೀರ್ಷಿಕೆಯಲ್ಲಿ Preisanpassung ಅಥವಾ Preisänderung ಎಂದಿದ್ದರೆ ದರ ಬದಲಾಗುತ್ತಿದೆ ಎಂದರ್ಥ.

ಪತ್ರದಲ್ಲಿ ಒಂದು ಕೋಷ್ಟಕವಿತ್ತು. ಹಳೆಯ ಯೂನಿಟ್ ದರ 36 ಸೆಂಟ್, ಅಕ್ಟೋಬರ್ 1ರಿಂದ 39 ಸೆಂಟ್, ನಿಗದಿತ ಶುಲ್ಕದಲ್ಲಿ ಬದಲಾವಣೆ ಇಲ್ಲ. ಕೋಷ್ಟಕದಲ್ಲಿ brutto ಎಂದಿರುವ ಸಾಲನ್ನು ಓದಬೇಕು, ಅದು ತೆರಿಗೆ ಸೇರಿದ ದರ. netto ಸಾಲಿನಲ್ಲಿ ಕಡಿಮೆ ಕಾಣುತ್ತದೆ, ಅದಕ್ಕೆ ನೂರಕ್ಕೆ 19ರಂತೆ ತೆರಿಗೆ ಸೇರಿಸಬೇಕಾಗುತ್ತದೆ.

ಮೂರು ಸೆಂಟ್ ಎಂದರೆ ಏನೂ ಅಲ್ಲ ಅನ್ನಿಸಬಹುದು. 3300 ಯೂನಿಟ್‌ಗೆ ಅದು ವರ್ಷಕ್ಕೆ 99 ಯೂರೋ. ಇನ್ನೂ ಗಮನಿಸಬೇಕಾದದ್ದು ಪತ್ರದ ಕೆಳಗೆ ಬರುವ ಹೊಸ ಕಂತು. ಇವರ ಲೆಕ್ಕ ಸರಿಯಾಗಿದ್ದುದರಿಂದ 119 ಯೂರೋ ಎಂದು ಬಂತು. 3300ಕ್ಕೆ 39 ಸೆಂಟಿನಂತೆ 1287, ಅದಕ್ಕೆ 144 ಸೇರಿಸಿ ಹನ್ನೆರಡರಿಂದ ಭಾಗಿಸಿ ನೋಡಬಹುದು. ಏಪ್ರಿಲ್‌ನಲ್ಲಿ ರೀಡಿಂಗ್ ನೋಡದೆ ಇದ್ದಿದ್ದರೆ ಅದೇ ಪತ್ರದಲ್ಲಿ 72 ಇದ್ದದ್ದು 77 ಆಗುತ್ತದೆ ಎಂದು ಇರುತ್ತಿತ್ತು. ಐದು ಯೂರೋ ತಾನೇ ಎಂದು ಸುಮ್ಮನಾಗುತ್ತಿದ್ದರು. ಕಂತು ಏರಿದರೆ ದರ ಏರಿತು ಎಂದೂ, ಕಂತು ಹೆಚ್ಚು ಏರದಿದ್ದರೆ ದರ ಏರಿಲ್ಲ ಎಂದೂ ತಿಳಿಯುವುದು ಎರಡೂ ತಪ್ಪು. ದರವನ್ನು ಸೆಂಟಿನ ಸಾಲಿನಲ್ಲಿ ಮಾತ್ರ ನೋಡಬೇಕು.

ಇಂಥ ಪತ್ರ ಸಾಮಾನ್ಯ ಒಪ್ಪಂದದವರಿಗೆ ದರ ಬದಲಾಗುವ ಒಂದು ತಿಂಗಳ ಮೊದಲಾದರೂ ತಲುಪಬೇಕು, ಮೂಲ ಸರಬರಾಜಿನವರಿಗೆ ಆರು ವಾರ ಮೊದಲು. ಕಂಪನಿ ತಾನಾಗಿ ದರ ಬದಲಿಸಿದರೆ, ಒಪ್ಪಂದ ಇನ್ನೂ ಎಷ್ಟು ತಿಂಗಳು ಬಾಕಿಯಿದ್ದರೂ ಹೊಸ ದರ ಜಾರಿಯಾಗುವ ದಿನಕ್ಕೆ ಹೊರಬರುವ ಹಕ್ಕು ಗ್ರಾಹಕರಿಗಿದೆ. ಪರದೆಯಲ್ಲಿ ಅದಕ್ಕೆ Sonderkündigungsrecht ಎನ್ನುತ್ತಾರೆ. ಮಾರಾಟ ತೆರಿಗೆ ಏರಿ ಅಷ್ಟನ್ನೇ ಸೇರಿಸಿದರೆ ಮಾತ್ರ ಈ ಹಕ್ಕು ಇಲ್ಲ. ಈ ಕುಟುಂಬಕ್ಕೆ ಸೆಪ್ಟೆಂಬರ್ 30ರವರೆಗೆ ಸಮಯವಿತ್ತು. ರದ್ದು ಪತ್ರವನ್ನು ಗಂಗಾನಗರದಿಂದಲೇ ಇಮೇಲ್ ಮಾಡಬಹುದು. ಅಂತರ್ಜಾಲದಲ್ಲಿ ಒಪ್ಪಂದ ಮಾಡಿಕೊಳ್ಳುವ ಕಂಪನಿಗಳ ತಾಣದಲ್ಲಿ Verträge hier kündigen ಎಂಬ ಗುಂಡಿ ಇರಬೇಕು ಎಂದು 2022ರ ಜುಲೈಯಿಂದ ಕಾನೂನಾಗಿದೆ, ಅದನ್ನೂ ಬಳಸಬಹುದು. ಈ ವಿಶೇಷ ಹಕ್ಕಿನಿಂದ ಹೊರಬರುವಾಗ ಹೊಸ ಕಂಪನಿಯವರೇ ರದ್ದು ಮಾಡಲಿ ಎಂದು ಬಿಡದೆ ಸ್ವತಃ ಬರೆದು ಉತ್ತರ ಪಡೆದುಕೊಳ್ಳುವುದು ಕ್ಷೇಮ. ಆ್ಯಪ್‌ಗೆ ಒಳಹೋಗಲು ಬರುವ ಗುಪ್ತಸಂಖ್ಯೆ ಜರ್ಮನಿಯ ಸಿಮ್‌ಗೆ ಬರುವುದರಿಂದ ಊರಿಗೆ ಬರುವಾಗ ಆ ಸಿಮ್ ತೆಗೆದಿಟ್ಟು ಬರಬೇಡಿ.

ಈ ಪರದೆಯಲ್ಲೇ ಒಂದು ಗುಂಡಿಯ ಬಗ್ಗೆ ಎಚ್ಚರ ಬೇಕು. ದರ ಏರಿಕೆಯ ಪತ್ರದ ಕೆಳಗೆ ಕೆಲವೊಮ್ಮೆ ಅದೇ ಕಂಪನಿಯ ಬೇರೆ ಯೋಜನೆ ತೋರಿಸಿ Tarifwechsel ಅಥವಾ Jetzt wechseln ಎಂದು ಬರೆದಿರುತ್ತಾರೆ. Preisänderung ಅವರು ಮಾಡಿದ ಬದಲಾವಣೆ. Tarifwechsel ನೀವು ಮಾಡಿಕೊಳ್ಳುವ ಹೊಸ ಒಪ್ಪಂದ. ಗುಂಡಿ ಒತ್ತಿದರೆ ಮತ್ತೆ ಹನ್ನೆರಡು ಅಥವಾ ಇಪ್ಪತ್ನಾಲ್ಕು ತಿಂಗಳು ಕಟ್ಟುಬೀಳಬಹುದು. ದರ ನಿಜವಾಗಿಯೂ ಕಡಿಮೆಯಿದ್ದರೆ ಅದು ಒಳ್ಳೆಯದೇ, ಆದರೆ ತಿಳಿದು ಒತ್ತಬೇಕು. ಪತ್ರ ನೋಡಿದ್ದೇನೆ ಎಂದು ಒಪ್ಪಿಗೆ ಕೊಡುವ ಗುಂಡಿ ಎಂದು ಭಾವಿಸಿ ಒತ್ತಿದ್ದರೆ, ಅಂತರ್ಜಾಲದಲ್ಲಿ ಮಾಡಿದ ಒಪ್ಪಂದವನ್ನು 14 ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಅದಕ್ಕೆ Widerruf ಎನ್ನುತ್ತಾರೆ.

ಬೇರೆ ಕಂಪನಿಯ ದರದೊಂದಿಗೆ ಹೋಲಿಸುವಾಗ ಹೋಲಿಕೆ ತಾಣದಲ್ಲಿ ನಿಮ್ಮ ನಿಜವಾದ ಯೂನಿಟ್ ಬರೆಯಬೇಕು. 2000 ಎಂದು ಬರೆದರೆ ಒಂದು ಕಂಪನಿ ಅಗ್ಗ, 3300 ಎಂದು ಬರೆದರೆ ಇನ್ನೊಂದು. ಮೊದಲ ವರ್ಷದ ಬೋನಸ್ ಕಳೆದು ತೋರಿಸಿದ ಮೊತ್ತವನ್ನು ಕೂಡ ನಂಬಬಾರದು, ಎರಡನೇ ವರ್ಷ ಅದು ಇರುವುದಿಲ್ಲ. ನಮ್ಮ ಉದಾಹರಣೆಯ ಕುಟುಂಬ ಆ ವರ್ಷ ಕಂಪನಿ ಬಿಡಲಿಲ್ಲ ಎಂದೇ ಇಟ್ಟುಕೊಳ್ಳೋಣ.

ದರ ಬದಲಾಗುವ ದಿನ ರೀಡಿಂಗ್ ಕಳುಹಿಸಲೇಬೇಕು ಎಂದು ಕೆಲವರು ಬಹಳ ಒತ್ತಿ ಹೇಳುತ್ತಾರೆ. ಕಳುಹಿಸಿದರೆ ಒಳ್ಳೆಯದು, ಆದರೆ ಕರೆಂಟಿನಲ್ಲಿ ಅದರಿಂದ ಆಗುವ ವ್ಯತ್ಯಾಸ ಚಿಕ್ಕದು. ಇವರ ಮೀಟರ್ ಸೆಪ್ಟೆಂಬರ್ 30ರಂದು 20340 ಇತ್ತು. ಅಂದರೆ ಹಳೆಯ ದರದಲ್ಲಿ 2100 ಯೂನಿಟ್. ರೀಡಿಂಗ್ ಕೊಡದಿದ್ದರೆ ಕಂಪನಿ ವರ್ಷದ ಬಳಕೆಯನ್ನು ದಿನಗಳ ಲೆಕ್ಕದಲ್ಲಿ, ಕೆಲವೊಮ್ಮೆ ಋತುವನ್ನೂ ಗಮನಿಸಿ, ಎರಡು ದರಗಳಿಗೆ ಹಂಚುತ್ತದೆ. ಬರೀ ದಿನಗಳ ಲೆಕ್ಕವಾದರೆ ಹಳೆಯ ದರಕ್ಕೆ ಸುಮಾರು 2190 ಯೂನಿಟ್ ಬರುತ್ತಿತ್ತು. 90 ಯೂನಿಟ್‌ಗೆ ಮೂರು ಸೆಂಟ್, ಮೂರು ಯೂರೋ ಕೂಡ ಇಲ್ಲ. ಮನೆಯ ಹೀಟಿಂಗ್ ಗ್ಯಾಸ್‌ನಿಂದ ನಡೆದು ಅದರ ಒಪ್ಪಂದವೂ ನಿಮ್ಮ ಹೆಸರಿನಲ್ಲಿದ್ದರೆ ಮಾತ್ರ ಆ ದಿನದ ರೀಡಿಂಗ್ ಹೆಚ್ಚು ತೂಕದ್ದು, ಏಕೆಂದರೆ ಚಳಿಗಾಲಕ್ಕೂ ಬೇಸಿಗೆಗೂ ಅಲ್ಲಿ ಅಜಗಜಾಂತರ. ಗ್ಯಾಸ್ ಮೀಟರ್ ಘನ ಮೀಟರ್ ತೋರಿಸುತ್ತದೆ, ಬಿಲ್ ಯೂನಿಟ್‌ನಲ್ಲಿರುತ್ತದೆ. ಬಿಲ್ಲಿನಲ್ಲಿ ಕೊಟ್ಟಿರುವ Brennwert ಮತ್ತು Zustandszahl ಎಂಬ ಎರಡು ಅಂಕಿಗಳಿಂದ ಗುಣಿಸಿದರೆ ಯೂನಿಟ್ ಸಿಗುತ್ತದೆ. ಒಂದು ಘನ ಮೀಟರ್ ಎಂದರೆ ಹತ್ತು ಯೂನಿಟ್ ಎಂದು ಮನಸ್ಸಿನಲ್ಲಿ ಸುಮಾರಾಗಿ ಹಿಡಿಯಬಹುದು.

ವರ್ಷದ ಬಿಲ್ ಬಂದಾಗ

ಜನವರಿ 31ರಂದು ಇವರ ಮೀಟರ್ 21540 ತೋರಿಸಿತು. ಒಟ್ಟು 3300 ಯೂನಿಟ್. ಹಳೆಯ ದರದಲ್ಲಿ 2100 ಯೂನಿಟ್‌ಗೆ 756 ಯೂರೋ, ಹೊಸ ದರದಲ್ಲಿ 1200 ಯೂನಿಟ್‌ಗೆ 468, ನಿಗದಿತ ಶುಲ್ಕ 144. ಒಟ್ಟು 1368 ಯೂರೋ. ಕಟ್ಟಿದ್ದು ಮೂರು ತಿಂಗಳು 72ರಂತೆ, ಐದು ತಿಂಗಳು 110ರಂತೆ, ನಾಲ್ಕು ತಿಂಗಳು 119ರಂತೆ 1242. ಬಾಕಿ 126 ಯೂರೋ. ಏಪ್ರಿಲ್‌ನಲ್ಲಿ ಆ ಸಂಜೆ ಕೆಳಗೆ ಇಳಿಯದೆ ಇದ್ದಿದ್ದರೆ ವರ್ಷವಿಡೀ ಕಟ್ಟುತ್ತಿದ್ದದ್ದು 884, ಬಾಕಿ 484. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ನಲವತ್ತೆಂಟು ಸಾವಿರ ರೂಪಾಯಿ, ಅದೂ ಒಂದೇ ಸಲಕ್ಕೆ. ಒಟ್ಟು ಖರ್ಚು ಎರಡು ರೀತಿಯಲ್ಲೂ ಒಂದೇ, 1368. ಊರಿನ ಸಾಲದ ಕಂತು, ಬಾಡಿಗೆ, ವಿಮಾನದ ಟಿಕೆಟ್ ಎಲ್ಲಾ ಇರುವ ತಿಂಗಳಲ್ಲಿ ಅದು ಯಾವ ರೂಪದಲ್ಲಿ ಬರುತ್ತದೆ ಎಂಬುದೇ ಸಂಗತಿ.

ವರ್ಷ ಮುಗಿದು ಆರು ವಾರದೊಳಗೆ ಬಿಲ್ ಬರಬೇಕು. ಆ್ಯಪ್‌ನಲ್ಲಿ Jahresabrechnung ಅಥವಾ Rechnungen ಎಂಬಲ್ಲಿ ಇರುತ್ತದೆ. Nachzahlung ಎಂದಿದ್ದರೆ ನೀವು ಕೊಡಬೇಕಾದದ್ದು, Guthaben ಎಂದಿದ್ದರೆ ನಿಮಗೆ ಬರಬೇಕಾದದ್ದು. ಬಾಕಿ ಕಟ್ಟಲು ಬಿಲ್ ಕೈಸೇರಿದ ಮೇಲೆ ಕನಿಷ್ಠ ಎರಡು ವಾರ ಸಮಯ ಕೊಡಬೇಕು. ಹೆಚ್ಚು ಕಟ್ಟಿದ್ದರೆ ಆ ಹಣವನ್ನು ಮುಂದಿನ ಕಂತಿನಲ್ಲಿ ಪೂರ್ತಿ ಹಿಡಿದುಕೊಳ್ಳಬೇಕು ಅಥವಾ ಎರಡು ವಾರದೊಳಗೆ ಹಿಂದಿರುಗಿಸಬೇಕು.

ಹಣ ಕಟ್ಟುವ ಮೊದಲು ಬಿಲ್ಲಿನಲ್ಲಿ ಒಂದು ಸಾಲನ್ನು ಹುಡುಕಿ. ಆರಂಭದ ಅಂಕಿ, ಕೊನೆಯ ಅಂಕಿಗಳ ಪಕ್ಕದಲ್ಲಿ ಅದನ್ನು ಯಾರು ಓದಿದ್ದು ಎಂದು ಬರೆದಿರುತ್ತದೆ. Kunde ಎಂದರೆ ಗ್ರಾಹಕರು, Netzbetreiber ಎಂದರೆ ತಂತಿ ಜಾಲದ ಕಂಪನಿ, geschätzt ಎಂದರೆ ಅಂದಾಜು. ಅಂದಾಜು ಎಂದಿದ್ದು ಅದು ನಿಮ್ಮ ಮೀಟರ್‌ಗಿಂತ ಮುಂದಿದ್ದರೆ, ಮೀಟರ್ ಫೋಟೋ ಸಮೇತ ಕೂಡಲೇ ಬರೆದು ಬಿಲ್ ತಿದ್ದಲು ಕೇಳಬೇಕು. ಬಿಲ್ ಸರಿಯಿದ್ದು ಕೈಯಲ್ಲಿ ಹಣವಿಲ್ಲದಿದ್ದರೆ Ratenzahlung, ಅಂದರೆ ಕಂತಿನಲ್ಲಿ ಕಟ್ಟುತ್ತೇನೆ ಎಂದು ಬರೆದು ಕೇಳಿ. ಉತ್ತರ ಕೊಡದೆ ಸುಮ್ಮನಿರುವುದು ಎಲ್ಲಕ್ಕಿಂತ ಕೆಟ್ಟದ್ದು. ಲಿಖಿತ ದೂರಿಗೆ ಕಂಪನಿ ನಾಲ್ಕು ವಾರದೊಳಗೆ ಉತ್ತರಿಸಬೇಕು. ಪರಿಹಾರ ಸಿಗದಿದ್ದರೆ ಬರ್ಲಿನ್‌ನಲ್ಲಿರುವ Schlichtungsstelle Energie ಎಂಬ ರಾಜಿ ಸಂಸ್ಥೆಗೆ ಹೋಗಬಹುದು, ಗ್ರಾಹಕರಿಗೆ ಖರ್ಚಿಲ್ಲ. ಊರೂರಿನ Verbraucherzentrale ಎಂಬ ಬಳಕೆದಾರರ ಕೇಂದ್ರದಲ್ಲಿ ಬಿಲ್ ತೋರಿಸಿ ಸಲಹೆ ಕೇಳಬಹುದು.

ಮನೆ ಬಿಟ್ಟು ಹೊರಡುವವರಿಗೆ ಒಂದು ಹೊಸ ವಿಷಯ. ಹಿಂದೆ ಮನೆ ಬಿಟ್ಟು ಆರು ವಾರದವರೆಗೂ ಹಳೆಯ ದಿನಾಂಕ ಹಾಕಿ ತಿಳಿಸಲು ಅವಕಾಶವಿತ್ತು. 2025ರ ಜೂನ್ 6ರಿಂದ ಹಾಗೆ ಹಿಂದಿನ ದಿನಾಂಕಕ್ಕೆ ನೋಂದಾಯಿಸಲು ಬರುವುದಿಲ್ಲ. ಮನೆ ಬಿಡುವ ದಿನ ಗೊತ್ತಾದ ಕೂಡಲೇ, ಹೊರಡುವ ಎರಡು ಮೂರು ವಾರ ಮೊದಲೇ, ಆ್ಯಪ್‌ನಲ್ಲಿ Auszug ಅಥವಾ Umzug ಎಂಬಲ್ಲಿ ತಿಳಿಸಬೇಕು. ವಿಮಾನ ಹತ್ತಿ ಬೆಂಗಳೂರಿಗೆ ಬಂದ ಮೇಲೆ ನೋಡೋಣ ಎಂದರೆ, ತಿಳಿಸಿದ ದಿನದವರೆಗೆ ಖಾಲಿ ಮನೆಯ ಶುಲ್ಕವೂ, ಹೊಸ ಬಾಡಿಗೆದಾರ ಬಂದು ಉರಿಸಿದ್ದೂ ನಿಮ್ಮ ಹೆಸರಿನಲ್ಲಿ ಓಡಬಹುದು. ಕೊನೆಯ ದಿನದ ಅಂಕಿಯನ್ನು ಹಸ್ತಾಂತರ ಪತ್ರದಲ್ಲಿ ಬರೆಸಿ, ಫೋಟೋ ತೆಗೆದು, ಆ್ಯಪ್‌ನಲ್ಲಿ ಹಾಕಿ. ಕೊನೆಯ ಬಿಲ್ ಬರುವವರೆಗೆ ಜರ್ಮನಿಯ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ, ಉಳಿದ ಹಣ ಹಿಂದಿರುಗಿ ಬರುವುದು ಆ ಖಾತೆಗೇ.